ನಾಲ್ಕು ಲಕ್ಷ ಉಳಿಯುವ ಕೆಲಸದಲ್ಲಿ ಆರು ಲಕ್ಷದ ಕೊರತೆ

ಬದಿಯಡ್ಕ ಕಡೆಯ ಕಂಟ್ರಾಕ್ಟರ್ ಒಬ್ಬರ ಪ್ರಕರಣ ಇದು. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ಗಲ್ಫಿನಲ್ಲಿರುವ ಒಬ್ಬರಿಗೆ ಮನೆ ಕಟ್ಟಿಕೊಡುವ ಕೆಲಸ. ಒಪ್ಪಂದ 30 ಲಕ್ಷಕ್ಕೆ, ಖರ್ಚು 26 ಲಕ್ಷ, ಅವಧಿ ಆರು ತಿಂಗಳು. ಎರಡನೇ ತಿಂಗಳ ಕೊನೆಗೆ, ಲಿಂಟಲ್ ಮುಗಿಸಿ ನನ್ನ ಹತ್ತಿರ ಬಂದರು.

“ಮಾಷ್ಟ್ರೇ, ಲೆಕ್ಕದಲ್ಲಿ ನಾಲ್ಕು ಲಕ್ಷ ಉಳಿಯುತ್ತದೆ. ಆದ್ರೆ ಸ್ಲ್ಯಾಬಿಗೇ ದುಡ್ಡು ಸಾಲ್ತಿಲ್ಲ. ಎಲ್ಲೋ ಸೋರ್ತಾ ಉಂಟಾ?”

ಸೋರಿಕೆ ಇರಲಿಲ್ಲ. ಅವರ ಪುಸ್ತಕದಲ್ಲಿ ಕೆಂಪುಕಲ್ಲಿನಿಂದ ಹಿಡಿದು ಸಿಮೆಂಟಿನ ಚೀಲದವರೆಗೆ ಎಲ್ಲದಕ್ಕೂ ಲೆಕ್ಕ ಇತ್ತು, ತಾರೀಕು ಮಾತ್ರ ಇರಲಿಲ್ಲ. ಪ್ರತಿ ಮೊತ್ತದ ಎದುರು ಅದು ಯಾವಾಗ ಕೈಗೆ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ಬರೆಸಿದೆ.

ಕಂತುಗಳು ಹೀಗಿದ್ದವು: ಮುಂಗಡ 3 ಲಕ್ಷ, ಪಂಚಾಂಗ ಮುಗಿದಾಗ 6, ಸ್ಲ್ಯಾಬಿಗೆ 9, ಪ್ಲಾಸ್ಟರಿಂಗಿಗೆ 7.5, ಬೀಗದ ಕೈ ಕೊಟ್ಟಾಗ 4.5. ಹಂತ ಮುಗಿದ ಮೇಲೆ ಮಾಲೀಕರ ಅಣ್ಣ ಬಂದು ನೋಡಿ, ಫೋಟೋ ಕಳಿಸಿ, ದುಡ್ಡು ಬರುವಾಗ ಒಂದು ತಿಂಗಳು. ಕೂಲಿಯಾದರೋ ಪ್ರತಿ ಶನಿವಾರ ಕೊಡಲೇಬೇಕು.

ಸ್ವಂತದ 5 ಲಕ್ಷ ಹಾಕಿಯೇ ಕೆಲಸ ಶುರು ಮಾಡಿದ್ದರು. ಈಗ ಕೈಯಲ್ಲಿ 4.5 ಲಕ್ಷ. ಮೂರನೇ ತಿಂಗಳು ಸ್ಲ್ಯಾಬಿಗೆ 6.5 ಲಕ್ಷ ಖರ್ಚು, ಬರುವುದು ಸೊನ್ನೆ. ಅಲ್ಲಿಗೆ 2 ಲಕ್ಷ ಕಡಿಮೆ. ನಾಲ್ಕನೇ ತಿಂಗಳು ಖರ್ಚು 4 ಲಕ್ಷ, ಬರುವುದು 9. ತಿಂಗಳ ಲೆಕ್ಕ ನೋಡಿದರೆ 3 ಲಕ್ಷ ಕೈಯಲ್ಲಿ ಉಳಿಯುತ್ತದೆ, ಚೆನ್ನಾಗಿಯೇ ಕಾಣುತ್ತದೆ ಅಲ್ವಾ? ಆದರೆ ಆ 9 ಲಕ್ಷ ಬರುವುದು ತಿಂಗಳ ಕೊನೆಗೆ. ಅದರ ಹಿಂದಿನ ದಿನದ ಕೊರತೆ 6 ಲಕ್ಷ! ಅದಕ್ಕೇ ವಾರ ವಾರದ ಲೆಕ್ಕ ಬರೆಯಿರಿ ಅಂತ ನಾನು ಹಟ ಮಾಡುವುದು. ಕೊನೆಯ ಕಂತು 4.5 ಲಕ್ಷ, ಲಾಭ 4 ಲಕ್ಷ. ಅಂದರೆ ಅವರ ಲಾಭವೆಲ್ಲ ಆ ಒಂದು ಕಂತಿನಲ್ಲೇ ಕೂತಿದೆ.

ಸಾಲ ಆಮೇಲೆ, ಮೊದಲು ಮಾಲೀಕರ ಹತ್ತಿರ ಮಾತಾಡಿ ಅಂದೆ. ರೇಟು ಜಾಸ್ತಿ ಕೇಳುವುದು ಬೇಡ. ಸ್ಲ್ಯಾಬಿನ 9 ಲಕ್ಷದಲ್ಲಿ 3 ಲಕ್ಷವನ್ನು ಮುಗಿದಿರುವ ಲಿಂಟಲಿಗೆ ಈಗಲೇ ಕೇಳಿ. ಮುಂದಿನ ಕಂತುಗಳು ಹಂತ ಮುಗಿದ ಒಂದು ವಾರದೊಳಗೆ ಬರಲಿ. ಮಾಲೀಕರು ಎರಡಕ್ಕೂ ಒಪ್ಪಿದರು. ಪ್ಲಾಸ್ಟರಿಂಗಿನ ಕಂತನ್ನೂ ಒಡೆಯಲು ಕೇಳಿದಾಗ ಮಾತ್ರ ಆಗುವುದಿಲ್ಲ ಅಂದರು.

ಹೊಸ ಲೆಕ್ಕ ಹಾಕಿದಾಗ ನಾಲ್ಕನೇ ತಿಂಗಳ ಕೊರತೆ ಹೋಯಿತು. ಆರನೇ ತಿಂಗಳ ಮೊದಲ ವಾರದಲ್ಲಿ 1.5 ಲಕ್ಷದ ಕೊರತೆ ಉಳಿಯಿತು. ಐದನೇ ತಿಂಗಳಿನ ಟೈಲ್ಸ್ ಖರ್ಚೂ ಅಷ್ಟೇ ಇತ್ತು. ಅದನ್ನು ಮಾಲೀಕರೇ ಅಂಗಡಿಗೆ ನೇರ ಕೊಟ್ಟು ಕೊನೆಯ ಕಂತಿನಲ್ಲಿ ಮುರಿದುಕೊಳ್ಳಲಿ ಅಂದೆ. ಲಾಭ ಬದಲಾಗುವುದಿಲ್ಲ, ಕೊರತೆ ತುಂಬುತ್ತದೆ.

ಆದರೂ ಆ ವಾರ ಕೈಯಲ್ಲಿ ಉಳಿಯುವುದು ಸೊನ್ನೆ. ಪ್ಲಾಸ್ಟರಿಂಗ್ ಒಂದು ವಾರ ತಡವಾದರೂ ಶನಿವಾರದ ಕೂಲಿಗೆ ದುಡ್ಡಿಲ್ಲ. ಅದಕ್ಕೆ ಮನೆಯ ಚಿನ್ನದ ಮೇಲೆ ಎಷ್ಟು ಸಾಲ ಸಿಗುತ್ತದೆ, ಬಡ್ಡಿ ಎಷ್ಟು ಅಂತ ಸಹಕಾರಿ ಬ್ಯಾಂಕಿನಲ್ಲಿ ಈಗಲೇ ವಿಚಾರಿಸಿಡಿ, ಬೇಕಾದ ವಾರವೇ ತೆಗೆಯಿರಿ, ಅದಕ್ಕೆ ಮೊದಲು ಬೇಡ ಅಂದೆ.