ವಿಷಯದ ಸಾಲಿನಲ್ಲಿ ‘ಕುರಿತು’ ಯಾಕೆ ಬೇಡ

ಪ್ರಶ್ನೆ: ಸಹಕಾರ ಸಂಘವೊಂದರ ಲೆಕ್ಕಪತ್ರ ವಿಭಾಗಕ್ಕೆ ಸೇರಿ ಎಂಟು ತಿಂಗಳಾಯಿತು. ನಮ್ಮ ಮ್ಯಾನೇಜರಿಗೆ ದಿನವಿಡೀ ಮೇಲ್ ಬರುತ್ತಲೇ ಇರುತ್ತವೆ. ನಾನು ‘ತುರ್ತು’ ಅಂತ ಹಾಕಿ ಕಳಿಸಿದರೂ ತೆರೆಯುವುದಿಲ್ಲ, ಆಮೇಲೆ ‘ಮೊದಲೇ ಹೇಳಬಾರದಿತ್ತೇನ್ರೀ’ ಅಂತ ನನ್ನನ್ನೇ ಬೈತಾರೆ. ವಿಷಯದ ಸಾಲಿನಲ್ಲಿ ಏನು ಬರೆದರೆ ನೋಡ್ತಾರೆ? ದೊಡ್ಡವರಿಗೆ ಆಜ್ಞೆ ಮಾಡಿದ ಹಾಗೂ ಆಗಬಾರದು.

ನಾನೂ ಇಂಥದೇ ಕುರ್ಚಿಯಲ್ಲಿ ಕೂತು ಇದೇ ಬೈಗುಳ ತಿಂದವನು. ನನ್ನ ಸಾಲು ಕೆಟ್ಟಿದ್ದು ಎಲ್ಲಿ ಅನ್ನೋದನ್ನ ಹೇಳ್ತೇನೆ, ನಿಮ್ಮದೂ ಅಲ್ಲೇ ಕೆಟ್ಟಿರಬಹುದು.

ಅದು 2024ರ ಸೆಪ್ಟೆಂಬರ್. ಆಗಸ್ಟ್ 31ಕ್ಕೆ ಹಿಡಿದಿದ್ದ ಟಿಡಿಎಸ್ ಒಟ್ಟು 1,86,000 ರೂಪಾಯಿ. ಹಿಡಿದ ತೆರಿಗೆಯನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಅದು ನಿಮಗೂ ಗೊತ್ತು. ಆ ವರ್ಷ 7ನೇ ತಾರೀಕು ಶನಿವಾರ, ಗಣೇಶ ಚೌತಿ. ಹಿಂದಿನ ದಿನ ಗೌರಿ. ನೆಟ್ ಬ್ಯಾಂಕಿಂಗ್‌ನಲ್ಲಿ ಪಾವತಿಯನ್ನು ನಾನು ಹಾಕಿಡಬೇಕು, ಮ್ಯಾನೇಜರ್ ತಮ್ಮ ಲಾಗಿನ್‌ನಿಂದ ಒಪ್ಪಬೇಕು, ಆಮೇಲೇ ಹಣ ಹೋಗೋದು. ಅವರು ಗುರುವಾರ 5ರ ಸಂಜೆ ಹಬ್ಬಕ್ಕೆ ಊರಿಗೆ ಹೊರಡುವವರು. ಊರು ಮಲೆನಾಡಿನ ಒಳಗೆ, ಅಲ್ಲಿ ನೆಟ್‌ವರ್ಕ್ ಸಿಗೋದು ಗುಡ್ಡ ಹತ್ತಿದರೆ ಮಾತ್ರ.

ನಾನು ಬುಧವಾರವೇ ಮೇಲ್ ಕಳಿಸಿದ್ದೆ. ವಿಷಯದ ಸಾಲು ಹೀಗಿತ್ತು:

‘ಆಗಸ್ಟ್ 2024ರ ಮಾಹೆಯ ಟಿಡಿಎಸ್ ಪಾವತಿಗೆ ಸಂಬಂಧಿಸಿದಂತೆ ಅನುಮೋದನೆ ನೀಡುವ ಕುರಿತು – ತುರ್ತು’

ವ್ಯಾಕರಣ ಸರಿಯಿದೆ, ಮರ್ಯಾದೆಯೂ ಇದೆ. ಅವರು ಅದನ್ನು ನೋಡಿಯೂ ಇದ್ದರು. ಅವರ ಫೋನಿನಲ್ಲಿ ಕಂಡದ್ದು ಮಾತ್ರ ‘ಆಗಸ್ಟ್ 2024ರ ಮಾಹೆಯ ಟಿಡಿಎಸ್ ಪಾವ…’ ಅಷ್ಟೇ. ತಿಂಗಳ ಟಿಡಿಎಸ್ ಪಟ್ಟಿ ಇರಬೇಕು, ಹಬ್ಬ ಮುಗಿಸಿ ಬಂದು ನೋಡಿದರಾಯಿತು ಅಂದುಕೊಂಡು ಮುಂದಿನ ಮೇಲ್‌ಗೆ ಹೋದರು. ನಾನು ಶುಕ್ರವಾರ ಫೋನ್ ಮಾಡಿದಾಗ ಅವರು ವ್ಯಾಪ್ತಿ ಪ್ರದೇಶದ ಹೊರಗಿದ್ದರು. ಹಣ ಹೋಗಿದ್ದು ಮಂಗಳವಾರ 10ಕ್ಕೆ.

ಟಿಡಿಎಸ್ ಕಟ್ಟುವುದು ತಡವಾದರೆ ಬಡ್ಡಿ ತಿಂಗಳಿಗೆ ಶೇ. 1.5. ಲೆಕ್ಕ ಹಿಡಿಯೋದು ತೆರಿಗೆ ಹಿಡಿದ ದಿನದಿಂದ, ತಿಂಗಳ ತುಣುಕನ್ನೂ ಪೂರ್ತಿ ತಿಂಗಳು ಅಂತ. ಆಗಸ್ಟ್ 31 ಒಂದು ತಿಂಗಳು, ಸೆಪ್ಟೆಂಬರ್ ಇನ್ನೊಂದು. ನಡುವೆ ಇದ್ದದ್ದು ಹತ್ತು ದಿನ, ಬಿದ್ದದ್ದು ಎರಡು ತಿಂಗಳ ಬಡ್ಡಿ, 5,580 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಆದರೆ ಆಡಿಟ್ ವರದಿಯಲ್ಲಿ ಅದು ಒಂದು ಸಾಲಾಗಿ ಕೂತಿತು, ಆ ಸಾಲು ಆಡಳಿತ ಮಂಡಳಿಯವರ ಮುಂದೆ ಓದಲ್ಪಟ್ಟಿತು.

ಆಮೇಲೆ ನನ್ನ ಆ ವಿಷಯದ ಸಾಲನ್ನು ಎಷ್ಟೋ ಸಲ ನೋಡಿದ್ದೇನೆ. ನಮ್ಮ ಕಚೇರಿ ಪತ್ರಗಳಲ್ಲಿ ‘ವಿಷಯ:’ ಅಂತ ಬರೆದು ‘…ಕುರಿತು’ ಅಂತ ಮುಗಿಸುವ ರೂಢಿ ಹಳೆಯದು. ಕಾಗದದ ಪತ್ರಕ್ಕೆ ಅದು ಸರಿಹೋಗುತ್ತಿತ್ತು, ಯಾಕೆಂದರೆ ಇಡೀ ಹಾಳೆ ಕಣ್ಣೆದುರೇ ಇರುತ್ತಿತ್ತು, ಗುಮಾಸ್ತರೊಬ್ಬರು ಅದನ್ನು ಓದಿ ಕಡತಕ್ಕೆ ಸೇರಿಸಿ ಸಾಹೇಬರ ಮೇಜಿಗೆ ಒಯ್ಯುತ್ತಿದ್ದರು. ಫೋನಿನಲ್ಲಿ ಆ ಗುಮಾಸ್ತರಿಲ್ಲ. ಇನ್ನೊಂದು, ಕನ್ನಡದಲ್ಲಿ ಕ್ರಿಯಾಪದ ಬರೋದು ವಾಕ್ಯದ ಕೊನೆಗೆ. ‘ಅನುಮೋದನೆ ನೀಡುವ’ ಅನ್ನೋದು ಸಹಜವಾಗಿಯೇ ಬಾಲಕ್ಕೆ ಬೀಳುತ್ತದೆ, ಫೋನು ಕತ್ತರಿಸೋದೂ ಬಾಲವನ್ನೇ. ಅಂದರೆ ನಾವು ಚಂದದ ಕನ್ನಡ ವಾಕ್ಯ ಬರೆದಷ್ಟೂ ಅವರು ಮಾಡಬೇಕಾದ ಕೆಲಸ ಕಾಣದೆ ಹೋಗುತ್ತದೆ. ‘ತುರ್ತು’ ಕೂಡ ಆ ಬಾಲದಲ್ಲೇ ನೇತಾಡುತ್ತಿತ್ತು.

ಮುಂದಿನ ತಿಂಗಳು ಕೆಲಸವನ್ನು ಮುಂದಕ್ಕೆ ತಂದೆ: ‘ಒಪ್ಪಿಗೆ ಬೇಕಾಗಿದೆ, ಶನಿವಾರ 5/10 ಮಧ್ಯಾಹ್ನದೊಳಗೆ: ಟಿಡಿಎಸ್’. ಅವರು ತೆರೆದರು, ಕೆಲಸವೂ ಆಯಿತು. ಆದರೆ ಎದುರು ಸಿಕ್ಕಾಗ ನಗುತ್ತಾ, ‘ಏನ್ರೀ, ಇವತ್ತು ಆರು ಜನ ಒಪ್ಪಿಗೆ ಬೇಕು ಅಂತಿದ್ದಾರೆ, ಯಾವುದಕ್ಕೆ ಅಂತ ಒಳಗೆ ಹೋಗಿಯೇ ನೋಡಬೇಕಾ?’ ಅಂದರು. ಮಾತು ಸರಿಯೇ. ಸಾಲ ಮಂಜೂರಾತಿಗೂ ಒಪ್ಪಿಗೆ ಬೇಕು, ಪೆನ್ನು ಕೊಳ್ಳೋದಕ್ಕೂ ಒಪ್ಪಿಗೆ ಬೇಕು.

ಈಗ ನಾನು ಬರೆಯೋದು ಹೀಗೆ. ಅದೇ ಸೆಪ್ಟೆಂಬರಿನ ಮೇಲ್ ಇವತ್ತು ಕಳಿಸೋದಾದರೆ:

‘ಟಿಡಿಎಸ್ ಒಪ್ಪಿಗೆ, ಗುರು 5/9 ಸಂಜೆ 4ರೊಳಗೆ – ಆಗಸ್ಟ್, ₹1,86,000’

ಮೊದಲ ಎರಡು ಪದದಲ್ಲಿ ಏನು ಮತ್ತು ನೀವೇನು ಮಾಡಬೇಕು ಎರಡೂ ಬಂತು. ಕನ್ನಡದಲ್ಲಿ ಹೀಗೆ ನಾಮಪದ ಜೋಡಿಸೋದು ಕಷ್ಟವಲ್ಲ: ಸಾಲ ಮಂಜೂರಾತಿ, ಚೆಕ್ ಸಹಿ, ಬಾಡಿಗೆ ಕರಾರು ತೀರ್ಮಾನ. ಅದರ ಬೆನ್ನಿಗೇ ಗಡುವು. ಡ್ಯಾಶ್ ಆದಮೇಲಿನದು ಕತ್ತರಿಸಿ ಹೋದರೂ ನಷ್ಟವಿಲ್ಲ, ಹಾಗೆಂದೇ ಅದನ್ನು ಅಲ್ಲಿಟ್ಟಿದ್ದು. ಕಳಿಸುವ ಮುಂಚೆ ನಿಮ್ಮದೇ ವಿಳಾಸಕ್ಕೆ ಒಮ್ಮೆ ಕಳಿಸಿ ಫೋನಿನ ಪಟ್ಟಿಯಲ್ಲಿ ನೋಡಿ. ಕಂಪ್ಯೂಟರಿನ ಅಗಲ ಪರದೆಯಲ್ಲಿ ಕೂತು ಬರೆಯುವ ನಮಗೆ ಎಲ್ಲವೂ ಪೂರ್ತಿ ಕಾಣುತ್ತದೆ, ಮೋಸ ಆಗೋದೇ ಅಲ್ಲಿ.

ಮರ್ಯಾದೆಯ ಪ್ರಶ್ನೆ ಕೇಳಿದಿರಲ್ಲ, ಅದಕ್ಕೂ ಇದೇ ಜೋಡಿ ಪದ ಉತ್ತರ. ‘ಒಪ್ಪಿಗೆ ಕೊಡಿ’ ಅಂದರೆ ಆಜ್ಞೆಯ ಧಾಟಿ ಬಂದೀತು, ‘ದಯವಿಟ್ಟು ಒಪ್ಪಿಗೆ ನೀಡಬೇಕಾಗಿ ವಿನಂತಿ’ ಅಂದರೆ ಜಾಗವೆಲ್ಲ ವಿನಂತಿಗೇ ಹೋಯಿತು. ‘ಟಿಡಿಎಸ್ ಒಪ್ಪಿಗೆ’ ಅನ್ನೋದರಲ್ಲಿ ಕ್ರಿಯಾಪದವೇ ಇಲ್ಲ, ಆಜ್ಞೆಯೂ ಇಲ್ಲ. ವಿನಯವನ್ನು ಮೇಲ್‌ನ ಒಳಗಿಡಿ. ಆದರೆ ಅಲ್ಲಿಯೂ ಒಂದು ಎಚ್ಚರ ಬೇಕು. ಜಿಮೇಲ್‌ನಂಥವುಗಳಲ್ಲಿ ವಿಷಯದ ಸಾಲಿನ ಪಕ್ಕದಲ್ಲೋ ಕೆಳಗೋ ಪತ್ರದ ಮೊದಲ ಸಾಲೂ ಸ್ವಲ್ಪ ಕಾಣುತ್ತದೆ. ನಾವು ಅದನ್ನು ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಅಂತ ತುಂಬಿಸಿಬಿಡುತ್ತೇವೆ. ನಾನು ಬರೆಯೋದು: ‘ಸರ್, ಪಾವತಿ ಹಾಕಿಟ್ಟಿದ್ದೇನೆ, ನಿಮ್ಮ ಒಪ್ಪಿಗೆ ಮಾತ್ರ ಬಾಕಿ. 7 ದಾಟಿದರೆ ₹5,580 ಬಡ್ಡಿ.’ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ಇದೇ ಜಾಗ. ವಿಷಯದ ಸಾಲಿನಲ್ಲಿ ಅದನ್ನು ತುರುಕಿದರೆ ಬೆದರಿಕೆ ಹಾಕಿದ ಹಾಗೆ ಕಾಣುತ್ತದೆ.

ಇನ್ನು ‘ತುರ್ತು’. ಆ ಪದವನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಒಂದು ದಿನ ಮ್ಯಾನೇಜರ್ ತಮ್ಮ ಇನ್‌ಬಾಕ್ಸ್ ತೋರಿಸಿದರು. ‘ತುರ್ತು’, ‘ಅತಿ ತುರ್ತು’, ‘ಜರೂರು’ ಸಾಲಾಗಿ ನಿಂತಿದ್ದವು. ಅದರಲ್ಲಿ ಒಂದು ಶಾಖೆಯ ಪ್ರಿಂಟರಿನ ಟೋನರ್, ಇನ್ನೊಂದು ಮುಂದಿನ ತಿಂಗಳ ಸರ್ವಸದಸ್ಯರ ಸಭೆಯ ಊಟದ ಪಟ್ಟಿ. ‘ತುರ್ತು’ ಅನ್ನೋದು ಬರೆದವರ ಗಾಬರಿಯನ್ನು ಹೇಳುತ್ತದೆ, ಓದುವವರಿಗೆ ಯಾವಾಗ ಮಾಡಬೇಕು ಅನ್ನೋದನ್ನ ಹೇಳೋದಿಲ್ಲ. ತಾರೀಕು ಮತ್ತು ಗಂಟೆ ಹೇಳುತ್ತವೆ. ಅದರಲ್ಲೂ ‘ಇಂದು’, ‘ನಾಳೆ’ ಅಂತ ಬರೆಯಬೇಡಿ, ಅವರು ಮಾರನೆಯ ದಿನ ಓದಿದರೆ ‘ನಾಳೆ’ ಒಂದು ದಿನ ಮುಂದೆ ಜಾರಿಬಿಡುತ್ತದೆ. ವಾರ ಮತ್ತು ತಾರೀಕು ಎರಡೂ ಹಾಕಿ. ತಾರೀಕು ಬರೆಯುವಾಗ ಕೈ ತಪ್ಪಿದರೂ ವಾರ ಅದನ್ನು ಹಿಡಿದುಕೊಡುತ್ತದೆ.

ಯಾವ ತಾರೀಕು ಬರೆಯಬೇಕು ಅನ್ನೋದರಲ್ಲಿ ನಾನು ಮೊದಲು ಎಡವಿದ್ದೆ. ಕಾನೂನಿನ ಗಡುವು 7. ಆದರೆ ಆ ಸಲ ನಿಜವಾದ ಗಡುವು ಮ್ಯಾನೇಜರ್ ಬಸ್ಸು ಹತ್ತುವ ಸಮಯ, 5ರ ಸಂಜೆ. ಸಾಲಿನಲ್ಲಿ ಬರಬೇಕಾದ್ದು ಎರಡನೆಯದು. ಕಾನೂನಿನ ತಾರೀಕನ್ನು ಒಳಗೆ ಹೇಳಿ, ಯಾಕೆ ಎರಡು ದಿನ ಮುಂಚೆ ಕೇಳುತ್ತಿದ್ದೀರಿ ಅನ್ನೋದನ್ನೂ ಹೇಳಿ. ಸುಳ್ಳು ಗಡುವು ಮಾತ್ರ ಕೊಡಬೇಡಿ. 20ಕ್ಕೆ ಬೇಕಾದ್ದನ್ನು ‘10ರೊಳಗೆ’ ಅಂತ ಬರೆದು, 15ಕ್ಕೆ ಕೊಟ್ಟರೂ ಏನೂ ಆಗಲಿಲ್ಲ ಅನ್ನೋದು ಒಮ್ಮೆ ಅವರಿಗೆ ಗೊತ್ತಾದರೆ, ಆಮೇಲೆ ನೀವು ಬರೆಯುವ ಎಲ್ಲ ತಾರೀಕಿಗೂ ಅವರು ಮನಸ್ಸಿನಲ್ಲೇ ಐದು ದಿನ ಸೇರಿಸಿಕೊಂಡು ಓದುತ್ತಾರೆ.

ಇದರ ಇನ್ನೊಂದು ಮಗ್ಗುಲು ‘ಮಾಹಿತಿಗೆ’. ಸರ್ಕಾರಿ ಪತ್ರದ ಪ್ರತಿಗಳ ಮೇಲೆ ‘ಮಾಹಿತಿಗಾಗಿ’, ‘ಸೂಕ್ತ ಕ್ರಮಕ್ಕಾಗಿ’ ಅಂತ ಬೇರೆ ಬೇರೆ ಬರೆಯುತ್ತಾರಲ್ಲ, ನನಗೆ ಆ ಪದ್ಧತಿಯ ಮೇಲೆ ಬಹಳ ಗೌರವ. ಅವರು ಏನೂ ಮಾಡಬೇಕಾಗಿಲ್ಲದ ಮೇಲ್‌ಗೆ ‘ಆಗಸ್ಟ್ ಠೇವಣಿ ಪಟ್ಟಿ, ಮಾಹಿತಿಗೆ’ ಅಂತ ಬರೆಯಿರಿ. ಮೂರು ನಾಲ್ಕು ತಿಂಗಳು ಹೀಗೆ ನಡೆದ ಮೇಲೆ ನಮ್ಮ ಮ್ಯಾನೇಜರ್ ನನ್ನ ‘ಮಾಹಿತಿಗೆ’ ಮೇಲ್‌ಗಳನ್ನು ತೆರೆಯದೆ ಬಿಡತೊಡಗಿದರು, ‘ಒಪ್ಪಿಗೆ’ ಇದ್ದದ್ದನ್ನು ತಕ್ಷಣ ತೆರೆಯತೊಡಗಿದರು. ನನಗೆ ಬೇಕಾಗಿದ್ದದ್ದೂ ಅದೇ.

ಒಂದು ಮೇಲ್‌ನಲ್ಲಿ ಒಂದೇ ಕೆಲಸ ಕೇಳಿ. ಟಿಡಿಎಸ್ ಒಪ್ಪಿಗೆ ಮತ್ತು ಜನರೇಟರ್ ಕೊಟೇಶನ್ ಒಟ್ಟಿಗೆ ಹಾಕಿದರೆ ಸಾಲಿನಲ್ಲಿ ಎರಡೂ ಹಿಡಿಸುವುದಿಲ್ಲ, ಅವರು ಒಂದನ್ನು ಮುಗಿಸಿ ಎರಡೂ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಗೆಯೇ ಜೂನ್ ತಿಂಗಳ ಮೇಲ್‌ಗೇ ರಿಪ್ಲೈ ಒತ್ತಿ ಆಗಸ್ಟ್ ಒಪ್ಪಿಗೆ ಕೇಳಬೇಡಿ. ಹಳೆಯ ಸಾಲು, ಹಳೆಯ ಸರಪಳಿ, ಅವರಿಗೆ ಅದು ಮುಗಿದ ಕತೆ. ಹೊಸ ಮೇಲ್ ಬರೆಯಿರಿ. ನೆನಪಿಸುವಾಗ ಮಾತ್ರ ಅದೇ ಮೇಲ್‌ಗೆ ರಿಪ್ಲೈ ಮಾಡಿದರೆ ಒಳ್ಳೆಯದು, ಹಿಂದಿನ ವಿವರವೆಲ್ಲ ಕೆಳಗೇ ಇರುತ್ತದೆ.

ಸಾಲಿನಲ್ಲಿ ಹಾಕಬಾರದ್ದು ಕೆಲವಿವೆ: ಸದಸ್ಯರ ಹೆಸರು, ಖಾತೆ ಸಂಖ್ಯೆ, ಯಾರದಾದರೂ ಸಂಬಳ. ಫೋನ್ ಲಾಕ್ ಆಗಿದ್ದರೂ ವಿಷಯದ ಸಾಲು ನೋಟಿಫಿಕೇಶನ್‌ನಲ್ಲಿ ಮೇಲೆ ಬರಬಹುದು, ಸಭೆಯ ಮೇಜಿನ ಮೇಲೆ ಫೋನ್ ಅಂಗಾತ ಬಿದ್ದಿರುತ್ತದೆ. ‘ಸಾಲ ಮರುಪಾವತಿ ನೋಟಿಸ್ ಸಹಿ, ಸೋಮ 16/9ರೊಳಗೆ – ಕಡತ 212’ ಅಂದರೆ ಸಾಕು.

ಎಷ್ಟೇ ಚೆನ್ನಾಗಿ ಬರೆದರೂ ಈ ಸಾಲಿಗೆ ಒಂದು ಮಿತಿ ಇದೆ. ಗಡುವಿಗೆ ಎರಡು ಗಂಟೆಗಿಂತ ಕಡಿಮೆ ಉಳಿದಿದ್ದರೆ ಅದನ್ನು ನಂಬಬೇಡಿ, ಫೋನ್ ಮಾಡಿ, ಎತ್ತದಿದ್ದರೆ ಅವರ ಕೋಣೆಗೇ ಹೋಗಿ ನಿಲ್ಲಿ. ಮೇಲ್ ಆಗಲೂ ಕಳಿಸಿ, ‘ಟಿಡಿಎಸ್ ಒಪ್ಪಿಗೆ, ಗುರು 5/9 ಸಂಜೆ 4ರೊಳಗೆ, ಫೋನಿನಲ್ಲಿ ಹೇಳಿದ್ದು’ ಅಂತ. ಆಡಿಟರ್ ಬಂದು ಕೇಳುವಾಗ ತೋರಿಸಲು ಅದೊಂದು ಇರಲಿ.