ಹಳೇ ಸ್ವಿಫ್ಟ್‌ಗೆ ಎಷ್ಟು ಕೇಳೋದು?

ಪ್ರಶ್ನೆ: 2017ರ ಪೆಟ್ರೋಲ್ ಸ್ವಿಫ್ಟ್, 60 ಸಾವಿರ ಕಿ.ಮೀ. ಓಡಿದೆ. ಮೈಸೂರಿನ ಓನರ್ 4.80 ಲಕ್ಷ ಹೇಳ್ತಿದ್ದಾರೆ. ಎಷ್ಟಕ್ಕೆ ಕೇಳಲಿ?

4 ಲಕ್ಷದಿಂದ ಶುರು ಮಾಡಿ, 4.25ರ ಮೇಲೆ ಹೋಗಬೇಡಿ. ಲೆಕ್ಕ ಹೀಗೆ.

ಜಾಹೀರಾತಿನಲ್ಲಿರುವುದು ಕೇಳುವ ಬೆಲೆ, ಮಾರಾಟವಾದ ಬೆಲೆಯಲ್ಲ. ನಿಮ್ಮ ಊರಿನಲ್ಲೇ ಅದೇ ವರ್ಷ, ಅದೇ ವೇರಿಯಂಟ್‌ನ ಐದಾರು ಕಾರು ನೋಡಿ, ಎರಡು ವಾರ ಬಿಟ್ಟು ಮತ್ತೆ ನೋಡಿ. ಬೇಗ ಮಾಯವಾದವು ಸರಿಯಾದ ಬೆಲೆಯವು ಇರಬಹುದು. ಹಾಗೇ ಉಳಿದವು ಜಾಸ್ತಿ ಬೆಲೆಯವು. ಬೇಗ ಹೋದವು 4.50ರ ಆಸುಪಾಸು ಇದ್ದವು ಅಂದುಕೊಳ್ಳಿ. ಚೌಕಾಸಿಗೆ 15 ಸಾವಿರ ಬಿಟ್ಟರೆ 4.35.

ಈಗ ಕಾರು ನೋಡಿ. ಟೈರ್ ಬದಿಯಲ್ಲಿ 2318 ಅಂತಿದ್ದರೆ ಅದು 2018ರ 23ನೇ ವಾರ ತಯಾರಾದದ್ದು. ಟೈರ್ ಸವೆಯದಿದ್ದರೂ ರಬ್ಬರ್ ಹಳೆಯದು. ನಾಲ್ಕು ಟೈರ್, ಮುಗಿದ ಇನ್ಶೂರೆನ್ಸ್ ಸೇರಿ 30 ಸಾವಿರ ಕಳೆಯಿರಿ: 4.05. ಗೆರೆ, ಸಣ್ಣ ತಗ್ಗಿಗೆಲ್ಲ ಸುಮ್ನೆ ಜಗಳ ಬೇಡ.

ಪೆಟ್ರೋಲ್ ಸ್ವಿಫ್ಟ್‌ಗೆ ಗಿರಾಕಿ ಸಿಗುವುದು ಸುಲಭ, ಅಲ್ವಾ? ಅದಕ್ಕೇ 20 ಸಾವಿರ ಮೇಲೆ ಇಟ್ಟೆ. ಜಾಹೀರಾತು ತಿಂಗಳಿಂದ ಹಾಗೇ ಇದ್ದರೆ ಅದನ್ನೂ ಕೊಡಬೇಡಿ. ಅಪಘಾತದ ಗುರುತು ಸಿಕ್ಕರೆ ಈ ಲೆಕ್ಕವೇ ನಡೆಯದು, ಆ ಕಾರು ಬಿಡಿ.