ಒಂದೇ ಆರ್ಡರ್, ಮೂರು ಪಾರ್ಸೆಲ್: 900 ರೂಪಾಯಿಯ ಬೆಡ್‌ಶೀಟ್‌ಗೆ 810 ಯಾಕೆ?

ಪ್ರಶ್ನೆ: "ಕುಕ್ಕರ್, ಬೆಡ್‌ಶೀಟ್, ಪವರ್ ಬ್ಯಾಂಕ್ ಒಟ್ಟಿಗೇ ಆರ್ಡರ್ ಮಾಡಿದೆ. ಕೂಪನ್ ಹಾಕಿ ಯುಪಿಐನಲ್ಲಿ ದುಡ್ಡು ಕಟ್ಟಿದ್ದೂ ಒಂದೇ ಸಲ. ಆದ್ರೆ ಮೂರೂ ಬೇರೆ ಬೇರೆ ದಿನ ಬರ್ತಿವೆ. ಬೆಡ್‌ಶೀಟ್ ಬೇಡ ಅಂದ್ರೆ 900ರ ಬದಲು 810 ವಾಪಸ್ ಅಂತ ತೋರಿಸ್ತಿದೆ. ಮೋಸ ಅಲ್ವಾ ಇದು?"

ಮೋಸ ಅಲ್ಲ, ಆದರೆ ಲೆಕ್ಕ ತಿಳಿದಿರಬೇಕು.

ಮೊದಲು ಪಾರ್ಸೆಲ್ ವಿಷಯ. ವಸ್ತುವಿನ ಪುಟದಲ್ಲಿ ಸಣ್ಣಕ್ಷರದಲ್ಲಿ ಮಾರಾಟಗಾರರ ಹೆಸರಿರುತ್ತದೆ, ನೋಡಿ. ಭಾರತದಲ್ಲಿ ವಿದೇಶಿ ಬಂಡವಾಳದ ಮಾರ್ಕೆಟ್‌ಪ್ಲೇಸ್ ತನ್ನದೇ ಸರಕನ್ನು ಗ್ರಾಹಕರಿಗೆ ಮಾರುವಂತಿಲ್ಲ. ಹಾಗಾಗಿ ನಿಮ್ಮ ಮೂರು ವಸ್ತುಗಳಿಗೆ ಮೂವರು ಮಾರಾಟಗಾರರಿರಬಹುದು. ಒಬ್ಬರೇ ಆಗಿದ್ದರೂ ಕುಕ್ಕರ್ ಹೊಸಕೋಟೆಯ ಗೋದಾಮಿನಲ್ಲಿ, ಬೆಡ್‌ಶೀಟ್ ಮಹಾರಾಷ್ಟ್ರದ ಭಿವಂಡಿಯಲ್ಲಿ ಇದ್ದರೆ ಎರಡನ್ನೂ ಒಂದೆಡೆ ತಂದು ಕಟ್ಟುವುದಕ್ಕಿಂತ ಬೇರೆ ಬೇರೆ ಕಳಿಸುವುದೇ ಅಗ್ಗ. ಜಿಎಸ್‌ಟಿ ನೋಂದಣಿ ರಾಜ್ಯವಾರು ಇರುವುದರಿಂದ ಬಿಲ್ಲೂ ಬೇರೆಯಾಗುತ್ತದೆ. ನೀವು ಕರ್ನಾಟಕದಲ್ಲಿದ್ದರೆ ಇದನ್ನು ಬಿಲ್ಲಿನಲ್ಲೇ ಪತ್ತೆ ಹಚ್ಚಬಹುದು: ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಸಾಲಿದ್ದರೆ ಸರಕು ಹೊರಟಿದ್ದು ರಾಜ್ಯದೊಳಗಿಂದ, ಐಜಿಎಸ್‌ಟಿ ಎಂದು ಒಂದೇ ಸಾಲಿದ್ದರೆ ಹೊರರಾಜ್ಯದಿಂದ. ಪವರ್ ಬ್ಯಾಂಕಿನ ಕಥೆ ಬೇರೆ. ಅದರಲ್ಲಿ ಲಿಥಿಯಂ ಬ್ಯಾಟರಿ ಇರುವುದರಿಂದ ವಿಮಾನದಲ್ಲಿ ಕಳಿಸಲು ನಿರ್ಬಂಧಗಳಿವೆ. ಸಾಮಾನ್ಯವಾಗಿ ರಸ್ತೆಯಲ್ಲೇ ಬರುತ್ತದೆ, ತಡವಾಗುತ್ತದೆ.

ಈಗ ದುಡ್ಡು. ಕುಕ್ಕರ್ 1,800, ಬೆಡ್‌ಶೀಟ್ 900, ಪವರ್ ಬ್ಯಾಂಕ್ 1,300, ಒಟ್ಟು 4,000 ಎಂದುಕೊಳ್ಳಿ. 400 ರೂಪಾಯಿಯ ಕೂಪನ್ ಕಳೆದು ನೀವು ಕಟ್ಟಿದ್ದು 3,600. ಈ 400ನ್ನು ಸೈಟು ಬೆಲೆಗೆ ತಕ್ಕಂತೆ ಹಂಚುತ್ತದೆ: ಕುಕ್ಕರ್‌ಗೆ 180, ಬೆಡ್‌ಶೀಟ್‌ಗೆ 90, ಪವರ್ ಬ್ಯಾಂಕ್‌ಗೆ 130. ಅಂದರೆ ಬೆಡ್‌ಶೀಟ್‌ಗೆ ನಿಮ್ಮ ಜೇಬಿನಿಂದ ಹೋಗಿರುವುದೇ 810. ಅಷ್ಟೇ ವಾಪಸ್ ಬರುತ್ತದೆ.

ನಿಜಕ್ಕೂ ಪೆಟ್ಟು ಬೀಳುವುದು ಕನಿಷ್ಠ ಖರೀದಿಯ ಷರತ್ತಿನಲ್ಲಿ. ಕೂಪನ್ "3,500ರ ಮೇಲಿನ ಖರೀದಿಗೆ" ಎಂದಿದ್ದು, ಬೆಡ್‌ಶೀಟ್ ತೆಗೆದ ಮೇಲೆ ಉಳಿಯುವುದು 3,100 ಆದರೆ, ಕೆಲವು ಸೈಟುಗಳು ಕೂಪನ್ನನ್ನೇ ಪೂರ್ತಿ ಹಿಂದಕ್ಕೆ ಪಡೆಯುತ್ತವೆ. ಆಗ 3,600ರಲ್ಲಿ 3,100 ಕಳೆದು ಕೈಗೆ ಸಿಗುವುದು 500 ಮಾತ್ರ. ನಿಮಗೆ 810 ತೋರಿಸುತ್ತಿದೆ ಎಂದರೆ ಆ ಷರತ್ತು ಇಲ್ಲಿ ತಗುಲಿಲ್ಲ. ಆದರೂ ಕ್ಯಾನ್ಸಲ್ ಒತ್ತುವ ಮುನ್ನ ಕಾಣುವ ಮೊತ್ತದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಡೆಲಿವರಿ ಶುಲ್ಕ ಕಟ್ಟಿದ್ದರೆ, ಒಂದೇ ವಸ್ತು ಬಿಟ್ಟಾಗ ಬಹುತೇಕ ಅದು ವಾಪಸ್ ಬರುವುದಿಲ್ಲ.

ಯಾವಾಗ ಬರುತ್ತದೆ ಎಂಬುದು ಪಾರ್ಸೆಲ್ ಎಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ಇನ್ನೂ ಗೋದಾಮಿನಿಂದ ಹೊರಟಿಲ್ಲದಿದ್ದರೆ ಕ್ಯಾನ್ಸಲ್ ಆದ ಕೂಡಲೇ ಹಣ ಹೊರಡುತ್ತದೆ. ದಾರಿಯಲ್ಲಿದ್ದರೆ ಹಲವು ಕಡೆ ಅದು ಮಾರಾಟಗಾರರಿಗೆ ಮರಳಿ ತಲುಪುವ ತನಕ ಕಾಯಬೇಕು. ಅದು ಬಾಗಿಲಿಗೇ ಬಂದುಬಿಟ್ಟರೆ ತೆಗೆದುಕೊಳ್ಳಬೇಡಿ, ಒಟಿಪಿ ಹೇಳಬೇಡಿ. ಹೇಳಿದರೆ ಕ್ಯಾನ್ಸಲ್ ಮಾಡಿದ್ದು ಡೆಲಿವರಿ ಎಂದು ದಾಖಲಾಗಿ, ಮತ್ತೆ ರಿಟರ್ನ್ ಹಾಕುವ ತಾಪತ್ರಯ.

ಹಣ ಎಲ್ಲಿಗೆ ಬೇಕು ಎಂದು ಕೇಳಿದಾಗ "ಮೂಲ ಪಾವತಿ ವಿಧಾನ" ಆರಿಸಿ. ಸೈಟಿನ ವಾಲೆಟ್‌ಗೆ ತಕ್ಷಣ ಬರುತ್ತದೆ ನಿಜ, ಆದರೆ ಆಮೇಲೆ ಅದನ್ನು ಬ್ಯಾಂಕಿಗೆ ತಿರುಗಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಸೈಟಿನಲ್ಲಿ "ರೀಫಂಡ್ ಆಗಿದೆ" ಎಂದಿದ್ದು ಖಾತೆಯಲ್ಲಿ ಕಾಣದಿದ್ದರೆ ಕಸ್ಟಮರ್ ಕೇರ್‌ನಲ್ಲಿ ಆ ರೀಫಂಡಿನ ಆರ್‌ಆರ್‌ಎನ್ ಎಂಬ ಗುರುತು ಸಂಖ್ಯೆ ಕೇಳಿ, ಅದು 12 ಅಂಕಿಯದು. ಕಾರ್ಡಿನಲ್ಲಿ ಕಟ್ಟಿದ್ದರೆ 23 ಅಂಕಿಯ ಎಆರ್‌ಎನ್ ಕೇಳಬೇಕು. ಆ ಸಂಖ್ಯೆ ಕೊಟ್ಟರೆ ಬ್ಯಾಂಕಿನವರು ಹುಡುಕಬಲ್ಲರು. ಕೊಡಲು ಸೈಟಿನವರೇ ತಡವರಿಸಿದರೆ ಹಣ ಇನ್ನೂ ಅಲ್ಲಿಂದ ಹೊರಟಿಲ್ಲದಿರುವ ಸಾಧ್ಯತೆ ಹೆಚ್ಚು.

ಕ್ಯಾಶ್ ಆನ್ ಡೆಲಿವರಿಯಲ್ಲಿ ಈ ಗೋಜಿಲ್ಲ, ಆಯಾ ಪಾರ್ಸೆಲ್ಲಿಗೆ ಆಯಾ ದುಡ್ಡು.

ಸೈಟಿನ ಕುಂದುಕೊರತೆ ಅಧಿಕಾರಿಗೂ ದೂರು ಕೊಡಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದೂರಿನಲ್ಲಿ ಇಡೀ ಆರ್ಡರ್ ನಂಬರ್ ಜೊತೆಗೆ ಬೆಡ್‌ಶೀಟಿನ ಬಿಲ್ ನಂಬರ್ ಮತ್ತು ಅದರ ಟ್ರ್ಯಾಕಿಂಗ್ ನಂಬರ್ ಬರೆಯಿರಿ. ಇಲ್ಲದಿದ್ದರೆ ತಲುಪಿದ ಕುಕ್ಕರ್ ತೋರಿಸಿ "ಡೆಲಿವರಿ ಆಗಿದೆ" ಎಂದು ದೂರು ಮುಚ್ಚಿಬಿಡುತ್ತಾರೆ.